ನೀರಿದ್ದರೂ ಹತ್ತುವ ಡ್ರೈ ರನ್ ದೀಪ: ತ್ರೀ ಫೇಸ್ ಬೋರ್‌ವೆಲ್ ಸ್ಟಾರ್ಟರಿನ ದೋಷ ಹುಡುಕುವ ಬಗೆ

ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟವನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೋರಿನಲ್ಲಿ ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಇದೆ. ಶೆಡ್ಡಿನಲ್ಲಿ ಡಿಓಎಲ್ ಸ್ಟಾರ್ಟರ್, ಅದರೊಳಗೆ ಫೇಸ್ ಹೋದರೂ ನೀರು ಹೋದರೂ ಮೋಟರ್ ನಿಲ್ಲಿಸುವ ಪ್ರಿವೆಂಟರ್. ವರ್ಷಗಟ್ಟಲೆ ತೊಂದರೆ ಕೊಡದ ಪೆಟ್ಟಿಗೆ ಅದು. ಮೊನ್ನೆಯಿಂದ ಶುರುವಾಗಿರುವ ಕಾಟ ಏನೆಂದರೆ, ಹಸಿರು ಬಟನ್ ಒತ್ತಿದರೆ ಮೋಟರ್ ಎತ್ತಿಕೊಳ್ಳುತ್ತದೆ, ಪೈಪಿನ ತುಂಬ ನೀರೂ ಬರುತ್ತದೆ, ಎಂಟು ಹತ್ತು ಸೆಕೆಂಡಿಗೆ ಟಪ್ ಎಂದು ನಿಂತು ಡ್ರೈ ರನ್ ದೀಪ ಹತ್ತುತ್ತದೆ. ಮತ್ತೆ ಒತ್ತಿದರೆ ಮತ್ತದೇ.

ಇಂಥ ಹೊತ್ತಿನಲ್ಲಿ ತೋಟದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ. ಒಂದು, ಪ್ರಿವೆಂಟರನ್ನು ಬೈಪಾಸ್ ಮಾಡಿ ಮೋಟರ್ ಓಡಿಸುವುದು. ಇನ್ನೊಂದು, ಡ್ರೈ ರನ್ ಎಂದು ಬರೆದಿರುವ ತಿರುಪನ್ನು ದೀಪ ಆರುವವರೆಗೂ ಕೆಳಕ್ಕೆ ತಿರುಗಿಸುವುದು. ಮೊದಲನೆಯದು ತಪ್ಪು ಎಂದು ಎಲ್ಲರಿಗೂ ಗೊತ್ತಿದೆ. ಎರಡನೆಯದು ಸರಿಯಾದ ರಿಪೇರಿಯಂತೆಯೇ ಕಾಣುತ್ತದೆ, ಆರು ತಿಂಗಳು ಸರಿಯಾಗಿ ಕೆಲಸವನ್ನೂ ಮಾಡುತ್ತದೆ, ಆಮೇಲೊಂದು ದಿನ ಸದ್ದಿಲ್ಲದೆ ಮೋಟರನ್ನು ಸುಡುತ್ತದೆ. ಹೇಗೆ ಎಂಬುದು ನಿನಗೆ ಅರ್ಥವಾದರೆ ಈ ಪೆಟ್ಟಿಗೆಯ ಅರ್ಧ ವಿದ್ಯೆ ಕೈಗೆ ಬಂದ ಹಾಗೆ. ಅದಕ್ಕೇ ಈ ಒಂದು ದೋಷವನ್ನು ಹಿಡಿದು ಕೊನೆಯವರೆಗೂ ಹೋಗೋಣ.

ಪ್ರಿವೆಂಟರಿಗೆ ಕಾಣುವುದೇನು

ಬೋರಿನೊಳಗೆ ನೀರು ಎಷ್ಟಿದೆ ಎಂದು ಪ್ರಿವೆಂಟರಿಗೆ ಗೊತ್ತಿಲ್ಲ. ಕೇಸಿಂಗಿನೊಳಗೆ ಸೆನ್ಸರ್ ವೈರು ಇಳಿಸಿರುವ ಬೇರೆ ಜಾತಿಯ ಪೆಟ್ಟಿಗೆಗಳಿವೆ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಇರುವುದು ಕರೆಂಟು ನೋಡಿ ನೀರು ಊಹಿಸುವ ಜಾತಿ. ಮೋಟರಿಗೆ ಹೋಗುವ ಮೂರು ವೈರುಗಳಲ್ಲಿ ಒಂದು ವೈರು ಸಣ್ಣ ಉಂಗುರದ ನಡುವೆ ತೂರಿ ಹೋಗಿರುತ್ತದೆ. ಆ ಉಂಗುರವೇ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಪಂಪು ನೀರು ಎತ್ತುತ್ತಿರುವಾಗ ಮೋಟರಿಗೆ ಭಾರ ಇರುತ್ತದೆ, ಕರೆಂಟು ಹೆಚ್ಚು. ನೀರು ಮುಗಿದು ಇಂಪೆಲ್ಲರ್ ಗಾಳಿಯಲ್ಲಿ ತಿರುಗಿದರೆ ಭಾರ ಇಲ್ಲ, ಕರೆಂಟು ಇಳಿಯುತ್ತದೆ. ಇಳಿದ ಕರೆಂಟು ತಿರುಪಿನಲ್ಲಿ ಇಟ್ಟ ಮಟ್ಟಕ್ಕಿಂತ ಕೆಳಗೆ ಕೆಲವು ಸೆಕೆಂಡು ನಿಂತರೆ ಪ್ರಿವೆಂಟರಿನ ರಿಲೇ ಬಿಡುತ್ತದೆ. ಆ ರಿಲೇಯ ಕಾಂಟ್ಯಾಕ್ಟು ಸ್ಟಾರ್ಟರಿನ ನೋ ವೋಲ್ಟ್ ಕಾಯಿಲಿನ ದಾರಿಯಲ್ಲಿ ಸರಣಿಯಾಗಿ ಕೂತಿದೆ. ಕಾಯಿಲಿಗೆ ಕರೆಂಟು ತಪ್ಪಿದೊಡನೆ ಕಾಂಟ್ಯಾಕ್ಟರ್ ಬಿಡುತ್ತದೆ, ಮೋಟರ್ ನಿಲ್ಲುತ್ತದೆ.

ಒಳಗಿನ ಬೋರ್ಡಿನಲ್ಲಿ ನಡೆಯುವುದು ನೀನು ಕಲಿತ ಪಾಠವೇ. ಸಿಟಿಯ ಸೆಕೆಂಡರಿ ಕರೆಂಟು ಒಂದು ರೆಸಿಸ್ಟರಿನ ಮೂಲಕ ಹರಿದು ವೋಲ್ಟೇಜ್ ಆಗುತ್ತದೆ, ಡಯೋಡು ಅದನ್ನು ಡಿಸಿ ಮಾಡುತ್ತದೆ, ಕೆಪ್ಯಾಸಿಟರ್ ಮಟ್ಟಸ ಮಾಡುತ್ತದೆ, ಕಂಪ್ಯಾರೇಟರ್ ಅದನ್ನು ತಿರುಪಿನ ವೋಲ್ಟೇಜಿನೊಡನೆ ಹೋಲಿಸುತ್ತದೆ. ಹೊಸ ಬೋರ್ಡುಗಳಲ್ಲಿ ಕಂಪ್ಯಾರೇಟರಿನ ಕೆಲಸವನ್ನು ಮೈಕ್ರೋಕಂಟ್ರೋಲರ್ ಮಾಡುತ್ತದೆ, ಲೆಕ್ಕ ಅದೇ.

ಅಂದರೆ ಡ್ರೈ ರನ್ ದೀಪದ ನಿಜವಾದ ಅರ್ಥ "ಬೋರಿನಲ್ಲಿ ನೀರಿಲ್ಲ" ಎಂದಲ್ಲ, "ಈ ಉಂಗುರದೊಳಗೆ ಹೋಗುವ ವೈರಿನಲ್ಲಿ ಕರೆಂಟು ಕಡಿಮೆ ಇದೆ" ಎಂದಷ್ಟೇ. ನೀರಿದ್ದೂ ದೀಪ ಹತ್ತಿದರೆ ಮೊದಲ ಪ್ರಶ್ನೆ ಬೋರಿನದ್ದಲ್ಲ, ಉಂಗುರದ್ದು.

ಪೆಟ್ಟಿಗೆ ತೆರೆಯುವ ಮೊದಲು

ಸಪ್ಲೈ ಸರಿಯಿದೆಯೇ ಎಂದು ತಿಳಿಯದೆ ಸ್ಟಾರ್ಟರಿಗೆ ಕೈ ಹಾಕಬೇಡ. ಬೋರ್ಡಿನ ಮೇಲಿನ ಕೆಂಪು, ಹಳದಿ, ನೀಲಿ ದೀಪ ಮೂರೂ ಉರಿಯುತ್ತಿವೆ ಎಂಬುದು ಸಾಕ್ಷಿಯಲ್ಲ, ಏಕೆಂದರೆ ಅವು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಇರುತ್ತವೆ. ಮೋಟರಿಗೆ ಬೇಕಾದ್ದು ಫೇಸಿನಿಂದ ಫೇಸಿಗೆ ಇರುವ ವೋಲ್ಟೇಜು. ಮೀಟರನ್ನು 750 ವೋಲ್ಟ್ ಎಸಿಗೆ ಇಟ್ಟು ಆರ್–ವೈ, ವೈ–ಬಿ, ಬಿ–ಆರ್ ಮೂರನ್ನೂ ಅಳೆದು ಬರೆದುಕೋ.

ಒಂದು ದೀಪ ಪೂರ್ತಿ, ಎರಡು ಮಂಕಾಗಿ ಉರಿದರೆ ದೋಷ ನಿನ್ನ ಶೆಡ್ಡಿನಲ್ಲಿಲ್ಲ. ಕಂಬದ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿಯ ಮೇಲ್ಗಡೆಯ 11 ಕೆವಿ ಲೈನಿನಲ್ಲಿ ಒಂದು ಫೇಸ್ ಹೋಗಿದೆ. ಆಗ ಮಂಕಾದ ಎರಡು ಫೇಸುಗಳ ನಡುವೆ ಅಳೆದರೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ, ಉಳಿದೆರಡು ಅಳತೆ 360ರ ಆಸುಪಾಸು ಇರುತ್ತದೆ. ಟಿಸಿಯ ಮೇಲ್ಗಡೆಯ ವೈಂಡಿಂಗ್ ಡೆಲ್ಟಾ, ಕೆಳಗಡೆಯದು ಸ್ಟಾರ್. ಒಂದು ಎಚ್‌ಟಿ ಫೇಸ್ ತಪ್ಪಿದಾಗ ಡೆಲ್ಟಾದ ಎರಡು ವೈಂಡಿಂಗುಗಳು ಸರಣಿಯಾಗಿ ಸೇರಿ ವೋಲ್ಟೇಜನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ, ಅದರಿಂದ ಹೀಗಾಗುತ್ತದೆ. ಬೆಸ್ಕಾಂ ಲೈನ್‌ಮನ್‌ಗೆ ಫೋನ್ ಮಾಡಿ ಮನೆಗೆ ಹೋಗು. ಟಿಸಿ ಕಂಬ ಹತ್ತುವುದು ನಮ್ಮ ಕೆಲಸವಲ್ಲ.

ನಮ್ಮ ತೋಟದ ಅಳತೆ 415, 412, 418 ಬಂತು ಎಂದುಕೊಳ್ಳೋಣ. ಸಪ್ಲೈ ಚೆನ್ನಾಗಿದೆ. ಮುಂದಿನದು ಕರೆಂಟು.

ಟಾಂಗ್ ಟೆಸ್ಟರ್ ಹೇಳುವ ಕಥೆ

ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ಆಟೋ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ಹಾಕು, ಮೇನಿನ ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿನಲ್ಲಿ ಇಟ್ಟುಕೋ. ಐಪಿ ಸೆಟ್ಟಿನ ತ್ರೀ ಫೇಸ್ ಪಾಳಿಯಲ್ಲಿ ಬರುತ್ತದೆ. ಕರೆಂಟಿಲ್ಲ ಎಂದು ನೀನು ಕೈ ಇಟ್ಟ ಹೊತ್ತಿಗೇ ಬಂದು, ಆಟೋ ಸ್ವಿಚ್ ತಾನೇ ಮೋಟರ್ ಹಚ್ಚಿಬಿಟ್ಟರೆ ಕೈಯೂ ಉಳಿಯುವುದಿಲ್ಲ. ಪಕ್ಕದಲ್ಲಿ ಡಬ್ಬದಂಥ ಕೆಪ್ಯಾಸಿಟರ್ ಇದ್ದರೆ ಐದು ನಿಮಿಷ ಬಿಟ್ಟು, ಅದರ ಟರ್ಮಿನಲ್‌ಗಳ ನಡುವೆ ಮೀಟರಿನಲ್ಲಿ ಡಿಸಿ ಅಳೆದು ಸೊನ್ನೆಯಾಗಿದೆ ಎಂದು ನೋಡಿದ ಮೇಲೆಯೇ ಮುಟ್ಟು. ಅದರೊಳಗಿನ ಡಿಸ್ಚಾರ್ಜ್ ರೆಸಿಸ್ಟರ್ ಕೆಟ್ಟಿದ್ದರೆ ಮೇನು ಕಿತ್ತ ಮೇಲೂ ಚಾರ್ಜು ಒಳಗೇ ಕೂತಿರುತ್ತದೆ. ಮೊದಮೊದಲು ಕರೆಂಟು ಇರುವಾಗಿನ ಅಳತೆಗಳನ್ನು ಊರಿನ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ಇದ್ದಾಗಲೇ ಮಾಡು.

ಬಾಗಿಲು ತೆರೆದರೆ ಈ ಕೇಸಿನ ಗುಟ್ಟು ಕಣ್ಣೆದುರೇ ಇದೆ. ಮೊನ್ನೆಯಷ್ಟೇ ಹೊಸದಾಗಿ ಒಂದು 3 ಕೆವಿಎಆರ್ ಕೆಪ್ಯಾಸಿಟರ್ ಹಾಕಿಸಿದ್ದಾರೆ. ಅದರ ಮೂರು ವೈರುಗಳನ್ನು ಓವರ್‌ಲೋಡ್ ರಿಲೇಯ ಕೆಳಗಿನ ಟರ್ಮಿನಲ್‌ಗಳಿಗೆ, ಮೋಟರ್ ಕೇಬಲ್ಲಿನ ಜೊತೆಗೇ ಸೇರಿಸಿ ಬಿಗಿದಿದ್ದಾರೆ. ಸಿಟಿ ಉಂಗುರ ಇರುವುದು ಅದಕ್ಕಿಂತ ಮೇಲೆ, ಕಾಂಟ್ಯಾಕ್ಟರಿಗೂ ರಿಲೇಗೂ ನಡುವಿನ ವೈರಿನಲ್ಲಿ.

ಟಾಂಗ್ ಟೆಸ್ಟರಿನ ಬಾಯಿಯನ್ನು ಮೂರು ಜಾಗದಲ್ಲಿ ಹಾಕುವುದಕ್ಕೆ ಅನುಕೂಲವಾಗುವಂತೆ ವೈರುಗಳನ್ನು ಬಿಡಿಸಿ ಇಟ್ಟು, ಕೈ ತೆಗೆದು, ಫ್ಯೂಸ್ ಹಾಕಿ ಮೋಟರ್ ಹಚ್ಚು. ಎತ್ತಿಕೊಳ್ಳುವ ಮೊದಲ ಕ್ಷಣದಲ್ಲಿ ಕರೆಂಟು ಐದಾರು ಪಟ್ಟು ಹಾರುತ್ತದೆ, ಅದನ್ನು ಬಿಡು. ಎರಡು ಮೂರು ಸೆಕೆಂಡಿನ ಮೇಲೆ ನಿಂತ ಅಂಕಿಯನ್ನು ಓದು. ಒಂದು ಸಲಕ್ಕೆ ಒಂದೇ ಜಾಗ ಅಳೆದರೆ ಸಾಕು. ಆದರೆ ನಿಂತ ಬಿಸಿ ಮೋಟರನ್ನು ಮೇಲಿಂದ ಮೇಲೆ ಹಚ್ಚಬಾರದು, ನಡುವೆ ಹತ್ತು ಹದಿನೈದು ನಿಮಿಷ ಬಿಡು.

ಮೋಟರ್ ಕೇಬಲ್ಲಿನಲ್ಲಿ 13 ಆಂಪಿಯರ್, ಮೂರೂ ಫೇಸಿನಲ್ಲಿ ಹೆಚ್ಚುಕಡಿಮೆ ಒಂದೇ. ಅಂದರೆ ಮೋಟರಿಗೆ ಭಾರ ಇದೆ, ನೀರು ಬರುತ್ತಿದೆ, ಕಣ್ಣಿಗೆ ಕಾಣುವುದಕ್ಕೂ ಮೀಟರಿಗೂ ಹೊಂದಿಕೆ ಇದೆ. ಕೆಪ್ಯಾಸಿಟರಿನ ವೈರಿನಲ್ಲಿ 4.2 ಆಂಪಿಯರ್. ಉಂಗುರದೊಳಗೆ ಹೋಗುವ ವೈರಿನಲ್ಲಿ 11 ಆಂಪಿಯರ್. ತಿರುಪು ನಿಂತಿರುವುದು 11.5ರ ಹತ್ತಿರ. 11 ಎಂಬುದು 11.5ಕ್ಕಿಂತ ಕಡಿಮೆ, ಹಾಗಾಗಿ ದೀಪ ಹತ್ತಿತು. ಪ್ರಿವೆಂಟರ್ ಕೆಟ್ಟಿಲ್ಲ, ತನಗೆ ಕಂಡದ್ದನ್ನೇ ಹೇಳಿದೆ.

ಇಲ್ಲಿ ನಿನಗೆ ಒಂದು ಅನುಮಾನ ಬರಬೇಕು. ಮೋಟರಿಗೆ 13, ಕೆಪ್ಯಾಸಿಟರಿಗೆ 4.2, ಕೂಡಿದರೆ 17 ಆಗಬೇಕಿತ್ತು. ಮೇಲಿನ ವೈರಿನಲ್ಲಿ 11 ಹೇಗೆ? ಮೋಟರ್ ಎಳೆಯುವ ಕರೆಂಟಿನಲ್ಲಿ ಎರಡು ಪಾಲು ಇದೆ. ಒಂದು ನೀರು ಎತ್ತುವ ಕೆಲಸಕ್ಕೆ ಹೋಗುವ ಪಾಲು, ವೋಲ್ಟೇಜಿನ ಜೊತೆಜೊತೆಗೇ ಏರಿಳಿಯುತ್ತದೆ. ಇನ್ನೊಂದು ಕಬ್ಬಿಣದಲ್ಲಿ ಕಾಂತಕ್ಷೇತ್ರ ಕಟ್ಟುವ ಪಾಲು, ಅದು ವೋಲ್ಟೇಜಿಗಿಂತ ಕಾಲು ಸುತ್ತು ಹಿಂದೆ. ಕೆಪ್ಯಾಸಿಟರಿನ ಕರೆಂಟು ಕಾಲು ಸುತ್ತು ಮುಂದೆ. ಹಿಂದಿನದೂ ಮುಂದಿನದೂ ಎದುರುಬದುರು ಆಗಿ ಒಂದನ್ನೊಂದು ಕಳೆಯುತ್ತವೆ. ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡು.

```
I_P = 13 × 0.8 = 10.4 A
I_Q = 13 × 0.6 = 7.8 A
I_C = 3000 / (1.732 × 415) = 4.17 A
I_L = sqrt(10.4² + (7.8 − 4.17)²) = 11.0 A
```

ಕೆಪ್ಯಾಸಿಟರ್ ಹಾಕಿಸಿದ್ದು ಒಳ್ಳೆಯ ಕೆಲಸವೇ. ಟಿಸಿಯಿಂದ ಶೆಡ್ಡಿನವರೆಗಿನ ವೈರಿನಲ್ಲಿ 2 ಆಂಪಿಯರ್ ಕಡಿಮೆ ಹರಿಯುತ್ತದೆ, ಲೈನಿನ ಕೊನೆಯಲ್ಲಿರುವ ತೋಟಕ್ಕೆ ವೋಲ್ಟೇಜು ಸ್ವಲ್ಪ ನಿಲ್ಲುತ್ತದೆ. ತಪ್ಪಾಗಿರುವುದು ಅದನ್ನು ಸೇರಿಸಿದ ಜಾಗ.

ತಿರುಪು ತಿರುಗಿಸಿದರೆ ಯಾಕೆ ಸಾಲದು

ಈಗ ತಿರುಪನ್ನು 8 ಆಂಪಿಯರಿಗೆ ಇಳಿಸಿದೆವು ಎಂದುಕೊಳ್ಳೋಣ. ನೀರಿರುವಾಗ ಉಂಗುರಕ್ಕೆ ಕಾಣುವುದು 11, ದೀಪ ಹತ್ತುವುದಿಲ್ಲ. ನೀರು ಮುಗಿದಾಗ? ಸಬ್‌ಮರ್ಸಿಬಲ್ ಮೋಟರಿನ ಕರೆಂಟು ಭಾರ ಹೋದರೂ ಸೊನ್ನೆಗೆ ಬರುವುದಿಲ್ಲ, ಕಾಂತಕ್ಷೇತ್ರ ಕಟ್ಟುವ ಪಾಲು ಹಾಗೆಯೇ ಉಳಿಯುತ್ತದೆ. ಈ ಮೋಟರಿನಲ್ಲಿ ಒಣಗಿದಾಗ 8.5 ಆಂಪಿಯರ್, ಪವರ್ ಫ್ಯಾಕ್ಟರ್ 0.5 ಎಂದು ಹಿಡಿದರೆ ಕೆಲಸದ ಪಾಲು 4.25, ಕಾಂತದ ಪಾಲು 7.36. ಕೆಪ್ಯಾಸಿಟರ್ 4.17ನ್ನು ಕಳೆದ ಮೇಲೆ ಉಂಗುರಕ್ಕೆ ಕಾಣುವುದು 5.3. ಇದು 8ಕ್ಕಿಂತ ಬಹಳ ಕೆಳಗೆ, ಪ್ರಿವೆಂಟರ್ ಸರಿಯಾಗಿ ನಿಲ್ಲಿಸುತ್ತದೆ. ತೋಟದವರಿಗೆ ಸಮಾಧಾನವಾಗುತ್ತದೆ. ನಿಜ ಹೇಳಬೇಕೆಂದರೆ 11 ಮತ್ತು 5.3ರ ನಡುವಿನ ಅಂತರ 13 ಮತ್ತು 8.5ರ ಅಂತರಕ್ಕಿಂತ ದೊಡ್ಡದು, ಕೆಪ್ಯಾಸಿಟರ್ ಚೆನ್ನಾಗಿರುವವರೆಗೆ ಈ ವ್ಯವಸ್ಥೆ ಹಳೆಯದಕ್ಕಿಂತ ಮೇಲು ಎಂದೇ ಅನ್ನಿಸುತ್ತದೆ.

ಕೆಪ್ಯಾಸಿಟರ್ ಮಾತ್ರ ಮೋಟರಿನಷ್ಟು ವರ್ಷ ಬಾಳುವ ಸಾಮಾನಲ್ಲ. ತಗಡಿನ ಶೆಡ್ಡಿನ ಬೇಸಿಗೆಯ ಕಾವಿಗೆ, ರಾತ್ರಿಯ ಏರು ವೋಲ್ಟೇಜಿಗೆ ಅದು ಊದಿಕೊಂಡು ಒಳಗೇ ಕಡಿದುಹೋಗುತ್ತದೆ. ಕಡಿದುಹೋದದ್ದು ಯಾರಿಗೂ ತಿಳಿಯುವುದಿಲ್ಲ, ಮೋಟರ್ ಮೊದಲಿನಂತೆಯೇ ಓಡುತ್ತದೆ. ಅಂದಿನಿಂದ ಉಂಗುರಕ್ಕೆ ಮೋಟರಿನ ಪೂರ್ತಿ ಕರೆಂಟು ಕಾಣತೊಡಗುತ್ತದೆ, ನೀರಿರುವಾಗ 13, ಒಣಗಿದಾಗ 8.5. ತಿರುಪು 8ರಲ್ಲೇ ಇದೆ. ಏಪ್ರಿಲ್ ತಿಂಗಳ ಒಂದು ರಾತ್ರಿ ಬೋರು ಗಾಳಿ ಬಿಡುತ್ತದೆ, ಕರೆಂಟು 8.5ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಪ್ರಿವೆಂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೋಟರಿನ ಸುತ್ತ ಹರಿದು ತಂಪು ಮಾಡುತ್ತಿದ್ದ ನೀರಿನ ಹರಿವು ನಿಂತಿದೆ, ನೀರೇ ಎಣ್ಣೆಯಾಗಿದ್ದ ಪಂಪಿನ ಬುಷ್‌ಗಳು ಒಣಗಿ ಉಜ್ಜುತ್ತಿವೆ. ಬೆಳಗ್ಗೆ ಹೋದರೆ ಬೋರಿನಿಂದ ಪೈಪು ಎತ್ತುವ ಗಾಡಿ ಕರೆಸಬೇಕು.

ಸುಟ್ಟ ಮೋಟರನ್ನು ವೈಂಡಿಂಗ್ ಅಂಗಡಿಗೆ ತಂದವರು "ಪ್ರಿವೆಂಟರ್ ಇದ್ದರೂ ಸುಟ್ಟಿತು" ಎಂದು ಹೇಳುವ ಕೇಸುಗಳಲ್ಲಿ ಪೆಟ್ಟಿಗೆಯ ಕೆಪ್ಯಾಸಿಟರನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಸರಿಪಡಿಸುವುದು

ಫ್ಯೂಸ್ ಕಿತ್ತು, ಕೆಪ್ಯಾಸಿಟರ್ ಸೊನ್ನೆಯಾದ ಮೇಲೆ ಅದರ ಮೂರು ವೈರುಗಳನ್ನು ರಿಲೇಯ ಕೆಳಗಿನಿಂದ ಬಿಚ್ಚಿ, ಕಾಂಟ್ಯಾಕ್ಟರಿನ ಹೊರಟರ್ಮಿನಲ್‌ಗಳಿಗೆ, ಅಂದರೆ ಕಾಂಟ್ಯಾಕ್ಟರಿನ ನಂತರ, ರಿಲೇಗಿಂತ ಮೊದಲು ಸೇರಿಸು. ಕಾಂಟ್ಯಾಕ್ಟರಿಗಿಂತ ಮೇಲಕ್ಕೆ, ಮೇನಿನ ಕಡೆಗೆ ಹಾಕಬೇಡ. ಹಾಗೆ ಹಾಕಿದರೆ ಮೋಟರ್ ನಿಂತಾಗಲೂ ಕೆಪ್ಯಾಸಿಟರ್ ಲೈನಿನಲ್ಲೇ ಇರುತ್ತದೆ. ಸಿಟಿ ಉಂಗುರವನ್ನು ಕೆಳಕ್ಕೆ ತಂದು, ರಿಲೇಯಿಂದ ಹೊರಟ ಮೋಟರ್ ಕೇಬಲ್ಲಿನ ಒಂದೇ ಒಂದು ವೈರು ಅದರೊಳಗೆ ಹೋಗುವಂತೆ ಕೂರಿಸು. ಸಿಟಿಯ ಸಣ್ಣ ವೈರುಗಳನ್ನು ಬೋರ್ಡಿನಿಂದ ಬಿಚ್ಚಿಟ್ಟು ಮೋಟರ್ ಓಡಿಸಬಾರದು. ಕರೆಂಟು ಹರಿಯುವಾಗ ಸೆಕೆಂಡರಿ ತೆರೆದಿದ್ದರೆ ಅದರ ತುದಿಯಲ್ಲಿ ವೋಲ್ಟೇಜು ಏರಿ ಸಿಟಿಯ ಇನ್ಸುಲೇಷನ್ ಹಾಳಾಗುತ್ತದೆ.

ಈ ಬದಲಾವಣೆಯಿಂದ ಇನ್ನೊಂದು ತಪ್ಪೂ ಸರಿಯಾಗುತ್ತದೆ. ಹಿಂದೆ ಕೆಪ್ಯಾಸಿಟರ್ ರಿಲೇಯ ಕೆಳಗಿದ್ದಾಗ ಓವರ್‌ಲೋಡ್ ರಿಲೇಗೂ 11 ಮಾತ್ರ ಕಾಣುತ್ತಿತ್ತು. ಅದನ್ನು 14ಕ್ಕೆ ಇಟ್ಟಿದ್ದರೆ ಮೋಟರ್ ಅದಕ್ಕಿಂತ ಎರಡು ಆಂಪಿಯರ್ ಹೆಚ್ಚು ಎಳೆದರೂ ರಿಲೇ ಸುಮ್ಮನಿರುತ್ತಿತ್ತು. ಈಗ ರಿಲೇಗೆ ಮೋಟರಿನ ನಿಜ ಕರೆಂಟು ಕಾಣುತ್ತದೆ. ರಿಲೇಯ ಡಯಲನ್ನು ಮೋಟರಿನ ನೇಮ್‌ಪ್ಲೇಟಿನಲ್ಲಿ ಇರುವ ಆಂಪಿಯರಿಗಿಂತ ಮೇಲೆ ಎಂದೂ ಇಡಬೇಡ.

ಇನ್ನು ತಿರುಪು. ಒಣಗಿದಾಗಿನ ಕರೆಂಟು ಎಷ್ಟು ಎಂಬುದನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡ, ಪ್ರತಿ ಮೋಟರಿಗೂ ಅದು ಬೇರೆ. ಕೆಲವರು ಗೇಟ್ ವಾಲ್ವ್ ಮುಚ್ಚಿ ಭಾರ ಇಳಿಸಿ ನೋಡುತ್ತಾರೆ. ಐನೂರು ಅಡಿ ಎಚ್‌ಡಿಪಿಇ ಪೈಪು ಇಳಿಸಿರುವ ಬೋರಿನಲ್ಲಿ ಅದನ್ನು ಮಾಡದಿರುವುದೇ ಮೇಲು, ಒತ್ತಡಕ್ಕೆ ಜಾಯಿಂಟು ಕಳಚಬಹುದು. ನಮ್ಮ ಜಿಲ್ಲೆಯ ಬೋರುಗಳಿಗೆ ಬೇಸಿಗೆಯೇ ಈ ಪರೀಕ್ಷೆ ಮಾಡಿಕೊಡುತ್ತದೆ. ಪೈಪಿನಲ್ಲಿ ನೀರು ಉಗುಳಿ ಉಗುಳಿ ಬರತೊಡಗಿದಾಗ ಟಾಂಗ್ ಟೆಸ್ಟರ್ ಹಾಕಿ ನಿಲ್ಲು. ಅಂಕಿ ಮೊದಲು ತೂಗಾಡುತ್ತದೆ, ಆಮೇಲೆ ಇಳಿದು ಒಂದು ಕಡೆ ನಿಲ್ಲುತ್ತದೆ. ನಿಂತ ಅಂಕಿ ಬರೆದುಕೊಂಡು ತಕ್ಷಣ ಕೆಂಪು ಬಟನ್ ಒತ್ತು. ಅದು ಹತ್ತು ಸೆಕೆಂಡಿನ ಕೆಲಸ. ನಮ್ಮ ಮೋಟರಿನಲ್ಲಿ 8.5 ಬಂದಿದ್ದರೆ, 13 ಮತ್ತು 8.5ರ ನಡುವೆ, 10.5ರಿಂದ 11ರೊಳಗೆ ತಿರುಪು ನಿಲ್ಲಲಿ.

ನಡುಮಧ್ಯ ಇಡುವುದಕ್ಕೆ ಕಾರಣ ವೋಲ್ಟೇಜು. ಹಗಲು ಎಲ್ಲರ ಮೋಟರೂ ಓಡುವಾಗ 370 ಇದ್ದ ಲೈನು ನಡುರಾತ್ರಿ 440ಕ್ಕೆ ಏರುವ ಊರುಗಳಿವೆ. ವೋಲ್ಟೇಜು ಏರಿದಂತೆ ಕಾಂತದ ಪಾಲು ಏರುತ್ತದೆ, ಆದ್ದರಿಂದ ಒಣಗಿದ ಮೋಟರಿನ ಕರೆಂಟೂ ಏರುತ್ತದೆ. ಹಗಲಿನ 370 ವೋಲ್ಟಿನಲ್ಲಿ ಅಳೆದು, ಒಣ ಅಂಕಿಗಿಂತ ಅರ್ಧ ಆಂಪಿಯರ್ ಮೇಲೆ ತಿರುಪು ಇಟ್ಟರೆ ರಾತ್ರಿ ಅದು ಹಿಡಿಯುವುದಿಲ್ಲ. ಅಳೆಯುವಾಗ ವೋಲ್ಟೇಜನ್ನೂ ಪಕ್ಕದಲ್ಲಿ ಬರೆಯುವುದು ಅದಕ್ಕೇ. ಲೈನು ಬಹಳ ಏರಿಳಿಯುವ ಕಡೆ ಕರೆಂಟಿನ ಜೊತೆ ಪವರ್ ಫ್ಯಾಕ್ಟರನ್ನೂ ನೋಡುವ ಪ್ರಿವೆಂಟರ್ ತರುವುದು ಒಳ್ಳೆಯದು. ಒಣಗಿದಾಗ 13 ಹೋಗಿ 8.5 ಆಗುವುದಕ್ಕಿಂತ 0.8 ಹೋಗಿ 0.5 ಆಗುವುದು ದೊಡ್ಡ ಇಳಿತ, ವೋಲ್ಟೇಜು ಏರಿದರೆ ಅದು ಇನ್ನೂ ಕೆಳಗೇ ಹೋಗುತ್ತದೆ.

ಸಿಟಿಯನ್ನು ಮೇಜಿನ ಮೇಲೆ ಪರೀಕ್ಷಿಸುವುದು

ಕೆಪ್ಯಾಸಿಟರೇ ಇಲ್ಲದ ಪೆಟ್ಟಿಗೆಯಲ್ಲಿ, ಟಾಂಗ್ ಟೆಸ್ಟರ್ 13 ತೋರಿಸುತ್ತಿದ್ದರೂ ಡ್ರೈ ರನ್ ದೀಪ ಹತ್ತಿದರೆ ಅನುಮಾನ ಸಿಟಿಯ ಮೇಲೆ, ಅದರ ಸಣ್ಣ ವೈರಿನ ಸ್ಕ್ರೂ ಮೇಲೆ. ಹೆಚ್ಚಿನ ಸಲ ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ಇರುವೆ ಗೂಡು ಕಟ್ಟಿರುತ್ತದೆ. ಅದೂ ಅಲ್ಲದಿದ್ದರೆ ಸಿಟಿಯನ್ನು ಮನೆಗೆ ತಾ.

13 ಆಂಪಿಯರ್ ಹುಟ್ಟಿಸಲು ಮನೆಯಲ್ಲಿ ಮೋಟರ್ ಬೇಕಿಲ್ಲ. 100 ವ್ಯಾಟಿನ ಎರಡು ಫಿಲಮೆಂಟ್ ಬಲ್ಬನ್ನು ಸಮಾನಾಂತರವಾಗಿ ಸೇರಿಸಿದರೆ 230 ವೋಲ್ಟಿನಲ್ಲಿ 0.87 ಆಂಪಿಯರ್ ಎಳೆಯುತ್ತವೆ. ಆ ಬಲ್ಬಿನ ಒಂದು ವೈರನ್ನು, ಇನ್ಸುಲೇಷನ್ ಸಮೇತ, ಉಂಗುರದೊಳಗೆ ಹದಿನೈದು ಸಲ ಸುತ್ತಿ ತೂರಿಸು. ಉಂಗುರಕ್ಕೆ ಅದು 0.87 × 15, ಅಂದರೆ 13 ಆಂಪಿಯರಿನಂತೆ ಕಾಣುತ್ತದೆ. ಸೆಕೆಂಡರಿಗೆ ಮೊದಲೇ 100 ಓಮ್ ರೆಸಿಸ್ಟರ್ ಕಟ್ಟಿ ಅದರ ಮೇಲೆ ಎಸಿ ವೋಲ್ಟೇಜು ಅಳೆ. ಸಿಟಿ 1000ಕ್ಕೆ 1ರದ್ದಾದರೆ 13 ಮಿಲಿಆಂಪಿಯರ್ ಹರಿದು 1.3 ವೋಲ್ಟ್ ಬರಬೇಕು. ಅನುಪಾತ ಗೊತ್ತಿಲ್ಲದಿದ್ದರೂ ಪರೀಕ್ಷೆ ನಿಲ್ಲುವುದಿಲ್ಲ. ಹತ್ತು ಸುತ್ತಿಗೆ ಬಂದ ವೋಲ್ಟೇಜು ಹದಿನೈದು ಸುತ್ತಿಗೆ ಸರಿಯಾಗಿ ಒಂದೂವರೆ ಪಟ್ಟು ಆದರೆ ಸಿಟಿ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಸುತ್ತು ಹೆಚ್ಚಿಸಿದರೂ ವೋಲ್ಟೇಜು ಹೆಚ್ಚದಿದ್ದರೆ ಸಿಟಿ ಕೆಟ್ಟಿದೆ, ಬದಲಿಸು.

ಅದೇ ಪೆಟ್ಟಿಗೆಯ ಫೇಸ್ ರಕ್ಷಣೆ

ಡ್ರೈ ರನ್ ಸರಿಯಾದ ಮೇಲೆ ಬಾಗಿಲು ಮುಚ್ಚುವ ಮೊದಲು ಫೇಸ್ ಹೋದಾಗ ಇದು ನಿಲ್ಲಿಸುತ್ತದೆಯೇ ಎಂದೂ ನೋಡಬೇಕು. ಇಲ್ಲಿಯೂ ಕಣ್ಣಿಗೆ ಮೋಸವಿದೆ.

ಮೋಟರ್ ನಿಂತಿರುವಾಗ ಒಂದು ಫ್ಯೂಸ್ ಕಿತ್ತು ಹಸಿರು ಬಟನ್ ಒತ್ತಿದರೆ ಸ್ಟಾರ್ಟರ್ ಹಿಡಿಯುವುದಿಲ್ಲ. ಎಲ್ಲರೂ ಇಷ್ಟು ನೋಡಿ ಪ್ರಿವೆಂಟರ್ ಚೆನ್ನಾಗಿದೆ ಎನ್ನುತ್ತಾರೆ. ಇದು ಅರ್ಧ ಪರೀಕ್ಷೆ. ಓಡುತ್ತಿರುವ ಮೋಟರಿನಲ್ಲಿ ಒಂದು ಫೇಸ್ ಹೋದರೆ ಮೋಟರ್ ಉಳಿದೆರಡು ಫೇಸಿನಲ್ಲೇ ತಿರುಗುತ್ತಿರುತ್ತದೆ. ತಿರುಗುವ ರೋಟರಿನ ಕಾಂತಕ್ಷೇತ್ರ ಸತ್ತ ಫೇಸಿನ ವೈಂಡಿಂಗಿನಲ್ಲಿ ತಾನೇ ವೋಲ್ಟೇಜು ಹುಟ್ಟಿಸುತ್ತದೆ. 415 ಇರಬೇಕಾದ ಕಡೆ ಮೀಟರಿಗೆ 350, 380 ಕಾಣಬಹುದು. ಕೆಪ್ಯಾಸಿಟರ್ ಇದ್ದರೆ ಅದೂ ಈ ವೋಲ್ಟೇಜನ್ನು ಎತ್ತಿ ಹಿಡಿಯುತ್ತದೆ. ಫೇಸ್ ಹೋದದ್ದು ಟಿಸಿಯ ಹತ್ತಿರವಾದರೆ ಅದೇ ಲೈನಿನ ಪಕ್ಕದ ತೋಟಗಳ ಮೋಟರುಗಳೂ ಸತ್ತ ತಂತಿಗೆ ವೋಲ್ಟೇಜು ತುಂಬುತ್ತವೆ. ನೋ ವೋಲ್ಟ್ ಕಾಯಿಲು ಎರಡು ಫೇಸುಗಳ ನಡುವೆ ಇರುವುದರಿಂದ, ಹೋದದ್ದು ಮೂರನೆಯ ಫೇಸಾದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಕಾಯಿಲಿನ ಫೇಸೇ ಹೋದರೂ ಹುಟ್ಟಿದ ವೋಲ್ಟೇಜಿನಲ್ಲಿ ಅದು ಹಿಡಿದುಕೊಂಡೇ ಇರುತ್ತದೆ. ಇತ್ತ ಉಳಿದೆರಡು ವೈರಿನಲ್ಲಿ ಕರೆಂಟು 1.73 ಪಟ್ಟು ಏರಿ 13ರ ಜಾಗದಲ್ಲಿ 22 ಹರಿಯುತ್ತಿರುತ್ತದೆ.

ಹಾಗಾಗಿ ವೋಲ್ಟೇಜು ಇದೆಯೋ ಇಲ್ಲವೋ ಎಂದಷ್ಟೇ ನೋಡುವ ಅಗ್ಗದ ಪ್ರಿವೆಂಟರ್ ಓಡುವ ಮೋಟರನ್ನು ಕಾಯುವುದಿಲ್ಲ. ಮೂರು ಫೇಸುಗಳ ನಡುವಿನ ವ್ಯತ್ಯಾಸ ನೋಡುವುದು ಬೇಕು, ಮೂರೂ ವೈರಿನ ಕರೆಂಟು ನೋಡಿದರೆ ಇನ್ನೂ ನಂಬಿಕೆ. ಕೊಳ್ಳುವಾಗ ಅಂಗಡಿಯಲ್ಲಿ ಇದನ್ನೇ ಕೇಳು.

ಪೂರ್ತಿ ಪರೀಕ್ಷೆಗೆ ಸ್ಟಾರ್ಟರಿನ ಮೊದಲು ಮೂರು ಬಿಡಿಬಿಡಿ ಸಿಂಗಲ್ ಪೋಲ್ 32 ಆಂಪಿಯರ್ ಸಿ ಟೈಪ್ ಎಂಸಿಬಿ ಹಾಕಿಸಬೇಕು. ಮೋಟರ್ ಓಡುವಾಗ ಒಂದು ಎಂಸಿಬಿ ಆಫ್ ಮಾಡು, ಪ್ರಿವೆಂಟರ್ ನಾಲ್ಕೈದು ಸೆಕೆಂಡಿನಲ್ಲಿ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕಾಯದೆ ಕೆಂಪು ಬಟನ್ ಒತ್ತು. ಮೂರಕ್ಕೂ ಒಂದೊಂದು ಸಲ, ನಡುವೆ ಮೋಟರ್ ತಣಿಯಲು ಬಿಟ್ಟು ಮಾಡು. ಪರೀಕ್ಷೆ ಮುಗಿದ ಮೇಲೆ ಆ ಮೂರರ ಜಾಗಕ್ಕೆ ಮೂರೂ ಫೇಸನ್ನು ಒಟ್ಟಿಗೆ ಬೀಳಿಸುವ ಟ್ರಿಪಲ್ ಪೋಲ್ ಎಂಸಿಬಿ ಹಾಕಿಬಿಡು, ಇಲ್ಲದಿದ್ದರೆ ಒಂದೇ ಬಿದ್ದಾಗ ಅದೇ ಫೇಸ್ ಹೋದಂತಾಗುತ್ತದೆ. ಓಡುವ ಮೋಟರಿನ ಫ್ಯೂಸ್ ಕ್ಯಾರಿಯರನ್ನು ಕೈಯಲ್ಲಿ ಕಿತ್ತು ಈ ಪರೀಕ್ಷೆ ಮಾಡಬಾರದು, 13 ಆಂಪಿಯರಿನ ಕಿಡಿ ಮುಖಕ್ಕೆ ಹಾರುತ್ತದೆ.

ಇದಕ್ಕೆ ತಿರುಗುಮುರುಗಾದ ದೂರೂ ಬರುತ್ತದೆ. ಲೈನು ಸರಿಯಿದ್ದರೂ ಮೋಟರ್ ಹತ್ತು ನಿಮಿಷ ಓಡಿ ಫೇಸ್ ದೀಪ ಹಚ್ಚಿ ನಿಲ್ಲುತ್ತದೆ. ಆಗ ಫ್ಯೂಸ್ ಕ್ಯಾರಿಯರಿನ ಬಾಯಿ, ಕಾಂಟ್ಯಾಕ್ಟರಿನ ಪಾಯಿಂಟು, ಕೇಬಲ್ ಸ್ಕ್ರೂ ಇವುಗಳಲ್ಲಿ ಒಂದು ಸುಟ್ಟಿರುತ್ತದೆ. ಮೋಟರ್ ಓಡುವಾಗ ಮುಚ್ಚಿರುವ ಪ್ರತಿ ಕಾಂಟ್ಯಾಕ್ಟಿನ ಈ ತುದಿಗೂ ಆ ತುದಿಗೂ ಮೀಟರ್ ಹಿಡಿದರೆ ಒಳ್ಳೆಯದರಲ್ಲಿ ವೋಲ್ಟಿನ ಸಣ್ಣ ಪಾಲು ಕಾಣುತ್ತದೆ. ಒಂದರಲ್ಲಿ 3 ವೋಲ್ಟ್ ಬಂದರೆ ಅಲ್ಲಿ 3 × 13, ಅಂದರೆ 39 ವ್ಯಾಟ್ ಶಾಖ ಹುಟ್ಟುತ್ತಿದೆ. ನಿನ್ನ ಸೋಲ್ಡರಿಂಗ್ ಐರನ್ನು ಅಷ್ಟೇ ವ್ಯಾಟಿನದು, ಅದು ಎಷ್ಟು ಕಾಯುತ್ತದೆಂದು ನಿನಗೆ ಗೊತ್ತಿದೆ. ಬಿಸಿಯಾದಂತೆ ಜಾಯಿಂಟು ಇನ್ನೂ ಕೆಡುತ್ತದೆ, ಆ ಫೇಸಿನ ವೋಲ್ಟೇಜು ಇನ್ನೂ ಇಳಿಯುತ್ತದೆ, ಅದಕ್ಕೇ ಹತ್ತು ನಿಮಿಷ ಬೇಕಾಗುತ್ತದೆ. ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಮೇಲಿನ ಬೆಳ್ಳಿ ಲೇಪ ಹೋಗಿ ಮತ್ತೆ ಬೇಗ ಸುಡುತ್ತದೆ, ಮೂರೂ ಪಾಯಿಂಟಿನ ಹೊಸ ಸೆಟ್ಟು ಹಾಕು.

ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಮಾರ್ಕರಿನಲ್ಲಿ ನಾಲ್ಕು ಅಂಕಿ ಬರೆ. ಅಳೆದ ದಿನದ ವೋಲ್ಟೇಜು 415, ನೀರಿರುವಾಗ ಮೋಟರ್ ಕೇಬಲ್ಲಿನಲ್ಲಿ 13, ಒಣಗಿದಾಗ 8.5, ಕೆಪ್ಯಾಸಿಟರ್ ವೈರಿನಲ್ಲಿ 4.2. ಮುಂದಿನ ವರ್ಷ ಟಾಂಗ್ ಟೆಸ್ಟರ್ ಹಿಡಿದಾಗ ಕೊನೆಯ ಅಂಕಿ ಮೂರೂ ವೈರಿನಲ್ಲಿ 4.2ರ ಹತ್ತಿರ ಇಲ್ಲದಿದ್ದರೆ ಕೆಪ್ಯಾಸಿಟರ್ ಬದಲಿಸು, ಡ್ರೈ ರನ್ ತಿರುಪನ್ನು ಮುಟ್ಟುವ ಅಗತ್ಯ ಇನ್ನಿಲ್ಲ.